ಕಬ್ಬಿನ ಟ್ರೇಲರ್‌ಗೆ ಬೈಕ್ ಗುದ್ದಿದಾಗ: ಒಪ್ಪಿಗೆ, ಪಾಲಿನ ತಪ್ಪು, ತಡೆಯಲಾಗದ ಅಪಘಾತ ಎಂಬ ಮೂರು ವಾದಗಳನ್ನು ಬಿಡಿಸುವ ಬಗೆ

ರಸ್ತೆ ಅಪಘಾತಕ್ಕೆ ಪರಿಹಾರ ಕೇಳುವ ಎಂವಿಸಿ ಕೇಸಿನಲ್ಲಿ ವಿಮಾ ಕಂಪನಿ ಹಾಕುವ ಆಕ್ಷೇಪಣೆಯನ್ನು ಒಮ್ಮೆ ಓದಿದವರಿಗೆ ಅದರ ಧಾಟಿ ಗೊತ್ತಿರುತ್ತದೆ. ಮೊದಲು, ಈ ಅಪಘಾತ ಯಾರ ಕೈಯಲ್ಲೂ ಇರಲಿಲ್ಲ ಎನ್ನುತ್ತಾರೆ. ಮುಂದಿನ ಪ್ಯಾರಾದಲ್ಲಿ, ಹಾಗೊಂದು ವೇಳೆ ತಪ್ಪು ಯಾರದಾದರೂ ಇದ್ದರೆ ಅದು ಅರ್ಜಿದಾರನದೇ ಎನ್ನುತ್ತಾರೆ. ಅದರ ಮುಂದಿನದರಲ್ಲಿ, ಹಿಂದೆ ಕೂತವನು ಎಲ್ಲ ಗೊತ್ತಿದ್ದೇ ಕೂತ ಎನ್ನುತ್ತಾರೆ. ಮೂರೂ ಒಂದೇ ಉಸಿರಿನಲ್ಲಿ. ಕಕ್ಷಿದಾರ ಅದನ್ನು ಓದಿ ‘ಏನ್ ಸ್ವಾಮಿ, ಎಲ್ಲಾ ನಮ್ ಮ್ಯಾಲೇ ಹಾಕವ್ರಲ್ಲ’ ಎಂದು ಗಾಬರಿಯಾಗುತ್ತಾನೆ. ವಾಸ್ತವದಲ್ಲಿ ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಒಂದೊಂದನ್ನು ಸಾಬೀತು ಮಾಡಲು ಬೇಕಾದ ಸಾಕ್ಷ್ಯ ಬೇರೆ, ಗೆದ್ದರೆ ಸಿಗುವ ಫಲವೂ ಬೇರೆ. ಅವನ್ನು ಸರಿಯಾದ ಕ್ರಮದಲ್ಲಿ ಬಿಡಿಸಿಕೊಂಡರೆ ಎರಡು ವಾದ ಸಾಮಾನ್ಯವಾಗಿ ಬೇಗ ಕಳಚಿಕೊಳ್ಳುತ್ತವೆ. ನಿಜವಾದ ಜಗಳ ಉಳಿಯುವುದು ಒಂದರಲ್ಲಿ ಮಾತ್ರ.

ಇದಕ್ಕಾಗಿ ಒಂದು ಪ್ರಸಂಗ ಕಟ್ಟಿಕೊಳ್ಳೋಣ. ಕಲ್ಪಿತವೇ, ಆದರೆ ಕಬ್ಬು ಅರೆಯುವ ಹಂಗಾಮಿನಲ್ಲಿ ನಮ್ಮ ಕಡೆ ರಾತ್ರಿ ಓಡಾಡಿದವರಿಗೆ ಹೊಸದೇನಲ್ಲ.

ಕೆ.ಎಂ. ದೊಡ್ಡಿಯಿಂದ ಮದ್ದೂರಿಗೆ ಬರುವ ರಸ್ತೆ, ರಾತ್ರಿ ಒಂಬತ್ತು ಗಂಟೆ. ಎರಡು ಟ್ರೇಲರ್ ಕಬ್ಬು ಎಳೆಯುತ್ತಿದ್ದ ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್‌ನ ಎಡ ಟಯರ್ ಒಡೆಯಿತು. ಚಾಲಕ ನಿಲ್ಲಿಸಿದ. ಎಡ ಚಕ್ರ ಮಣ್ಣಿನಲ್ಲಿ, ಬಲ ಚಕ್ರ ಟಾರಿನ ಮೇಲೆ. ಚಕ್ರಕ್ಕೆ ಎರಡು ಕಲ್ಲು ಕೊಟ್ಟ, ಹಿಂದೆ ಎರಡು ಹಿಡಿ ಸೋಗೆ ಹರಡಿದ, ಯಾರದೋ ಗಾಡಿ ಹತ್ತಿ ಜಾಕ್ ತರಲು ಹೋದ. ಟ್ರೇಲರ್‌ಗೆ ಹಿಂದೆ ದೀಪವಿಲ್ಲ. ರಿಫ್ಲೆಕ್ಟರ್ ಪಟ್ಟಿ ಇತ್ತು, ಆದರೆ ಇಳಿಬಿದ್ದ ಕಬ್ಬು ಅದನ್ನು ಮುಚ್ಚಿತ್ತು. ನಲವತ್ತು ನಿಮಿಷದ ಮೇಲೆ ಇಬ್ಬರು ಗೆಳೆಯರು ಬೈಕಿನಲ್ಲಿ ಬಂದರು. ಇಬ್ಬರಿಗೂ ಹೆಲ್ಮೆಟ್ ಇಲ್ಲ. ಓಡಿಸುತ್ತಿದ್ದವನು ಸಂಜೆ ಒಂದು ಬಿಯರ್ ಕುಡಿದಿದ್ದ, ಹಿಂದೆ ಕೂತವನು ಜೊತೆಯಲ್ಲೇ ಇದ್ದ. ಎದುರಿನಿಂದ ಬಸ್ಸು ಹೈಬೀಮ್ ಹಾಕಿಕೊಂಡು ಬಂತು. ಬಸ್ಸು ದಾಟುವ ಹೊತ್ತಿಗೆ ಬೈಕ್ ಟ್ರೇಲರ್‌ನ ಬಲ ಹಿಂಮೂಲೆಗೆ ಗುದ್ದಿತು. ಸವಾರನಿಗೆ ತೊಡೆ ಮೂಳೆ ಮುರಿತ, ತಲೆಗೂ ಪೆಟ್ಟು. ಹಿಂಬದಿಯವನಿಗೆ ಮುಖ್ಯವಾಗಿ ತಲೆಗೆ ಪೆಟ್ಟು. ರಸ್ತೆಯ ಮೇಲೆ ನಾಲ್ಕು ಮೀಟರ್ ಬ್ರೇಕ್ ಗುರುತು.

ಹೆಜ್ಜೆ 1: ಎದುರಾಳಿಯ ತಪ್ಪನ್ನು ಮೊದಲು ನಿಲ್ಲಿಸಿ

ಮೂರೂ ವಾದಗಳು ಬಚಾವಿನ ವಾದಗಳು. ಎದುರಾಳಿಯ ನಿರ್ಲಕ್ಷ್ಯ ಮೇಲ್ನೋಟಕ್ಕೆ ನಿಂತ ಮೇಲೆಯೇ ಅವಕ್ಕೆ ಕೆಲಸ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಕೆಳಗೆ ಪರಿಹಾರ ಕೇಳುವವನು ನಿರ್ಲಕ್ಷ್ಯವನ್ನು ತೋರಿಸಲೇಬೇಕು. ಆದರೆ ಕ್ರಿಮಿನಲ್ ಕೇಸಿನಂತೆ ಸಂಶಯಕ್ಕೆ ಎಡೆಯಿಲ್ಲದಂತೆ ಅಲ್ಲ, ಯಾವುದು ಹೆಚ್ಚು ಸಂಭವನೀಯ ಎಂಬ ಮಟ್ಟಕ್ಕೆ ತೋರಿಸಿದರೆ ಸಾಕು.

ನಮ್ಮ ಪ್ರಸಂಗದಲ್ಲಿ ಇದು ಕಷ್ಟವಲ್ಲ. ಸಾರ್ವಜನಿಕ ರಸ್ತೆಯಲ್ಲಿ ಬೇರೆಯವರಿಗೆ ಅಪಾಯವಾಗುವಂತೆ ವಾಹನ ಬಿಟ್ಟು ಹೋಗಬಾರದು ಎಂದು ಅದೇ ಕಾಯ್ದೆಯ 122ನೇ ಕಲಂ ಹೇಳುತ್ತದೆ. ಕತ್ತಲಲ್ಲಿ, ಟಾರಿನ ಮೇಲೆ, ದೀಪವಿಲ್ಲದೆ, ಕಾವಲಿಗೆ ಒಬ್ಬನೂ ಇಲ್ಲದೆ ನಲವತ್ತು ನಿಮಿಷ ಟ್ರೇಲರ್ ನಿಂತಿತ್ತು. ಇಲ್ಲಿ ತಪ್ಪು ಟಯರ್ ಒಡೆದದ್ದರಲ್ಲಿ ಅಲ್ಲ, ಒಡೆದ ಮೇಲೆ ಮಾಡದೆ ಬಿಟ್ಟದ್ದರಲ್ಲಿ ಇದೆ. ಅರ್ಜಿಯಲ್ಲಿ ಈ ವಾಕ್ಯ ಹೀಗೇ ಬರಬೇಕು. ‘ಟ್ರ್ಯಾಕ್ಟರ್ ಚಾಲಕನ ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಹಳೆಯ ಅಚ್ಚಿನ ಸಾಲನ್ನು ನಿಂತ ವಾಹನದ ಕೇಸಿಗೂ ಹಾಕಿದ ಅರ್ಜಿಗಳನ್ನು ನೋಡಿದ್ದೇನೆ. ನಿಂತ ಟ್ರೇಲರ್‌ಗೆ ಯಾವ ಅತಿವೇಗ? ಪಾಟೀಸವಾಲಿನಲ್ಲಿ ಮೊದಲ ಪ್ರಶ್ನೆಯೇ ಅದು.

ಹೆಜ್ಜೆ 2: ‘ತಡೆಯಲಾಗದ ಅಪಘಾತ’ ಎಂದಾಗ, ಯಾವ ಘಟನೆ ಎಂದು ಕೇಳಿ

ಮೂರರಲ್ಲಿ ಇದನ್ನು ಮೊದಲು ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಇದು ನಿಂತರೆ ನಿರ್ಲಕ್ಷ್ಯವೇ ಇಲ್ಲವೆಂದಾಗುತ್ತದೆ, ಉಳಿದೆರಡಕ್ಕೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ವಾದದ ತಿರುಳು ಇಷ್ಟು: ಸಾಮಾನ್ಯ ಎಚ್ಚರ ಇರುವ ಮನುಷ್ಯ ಮುಂಗಾಣಲಾಗದ, ಎಚ್ಚರ ವಹಿಸಿದ್ದರೂ ತಪ್ಪಿಸಲಾಗದ ಘಟನೆಯಿಂದ ಹಾನಿಯಾದರೆ ಯಾರೂ ಹೊಣೆಯಲ್ಲ. ನಮ್ಮದೇ ಹೈಕೋರ್ಟಿನ 1975ರ ಒಂದು ತೀರ್ಪನ್ನು ಕಾನೂನು ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ: ಪದ್ಮಾವತಿ ವಿರುದ್ಧ ದುಗ್ಗನಾಯಕ. ಜೀಪಿಗೆ ಪೆಟ್ರೋಲ್ ಹಾಕಿಸಲು ಚಾಲಕ ಹೊರಟಿದ್ದ. ದಾರಿಯಲ್ಲಿ ಇಬ್ಬರು ಅಪರಿಚಿತರು ಹತ್ತಿಕೊಂಡರು. ಮುಂದಿನ ಬಲ ಚಕ್ರವನ್ನು ಅಚ್ಚಿಗೆ ಹಿಡಿದಿದ್ದ ಬೋಲ್ಟ್ ಇದ್ದಕ್ಕಿದ್ದಂತೆ ಕೈಕೊಟ್ಟಿತು, ಜೀಪು ಮಗುಚಿತು, ಇಬ್ಬರೂ ಹೊರಕ್ಕೆ ಬಿದ್ದರು, ಒಬ್ಬ ಸತ್ತ. ದೋಷ ಮೊದಲೇ ಕಾಣುವಂಥದ್ದಲ್ಲ, ಇದು ಬರೀ ಅಪಘಾತ, ಚಾಲಕನೂ ಮಾಲೀಕನೂ ಹೊಣೆಯಲ್ಲ ಎಂದು ಕೋರ್ಟು ಹೇಳಿತು.

ವಿಮಾ ವಕೀಲರು ಟಯರ್ ಕೇಸುಗಳಲ್ಲಿ ಈ ತೀರ್ಪನ್ನು ಹಿಡಿದು ಬರುತ್ತಾರೆ. ಆಗ ಎರಡು ಕಡೆಯಿಂದ ನೋಡಬೇಕು.

ಒಂದು, ಯಾವ ಘಟನೆಯನ್ನು ‘ತಡೆಯಲಾಗದ್ದು’ ಎನ್ನುತ್ತಿದ್ದಾರೆ? ಜೀಪಿನ ಕೇಸಿನಲ್ಲಿ ಬೋಲ್ಟ್ ಕಳಚಿದ್ದಕ್ಕೂ ಮನುಷ್ಯ ಬಿದ್ದದ್ದಕ್ಕೂ ನಡುವೆ ಬಿಡುವೇ ಇರಲಿಲ್ಲ. ನಮ್ಮ ಟ್ರೇಲರ್ ಕೇಸಿನಲ್ಲಿ ಟಯರ್ ಒಡೆದ ಸದ್ದಿಗೂ ಬೈಕ್ ಗುದ್ದಿದ ಸದ್ದಿಗೂ ನಡುವೆ ನಲವತ್ತು ನಿಮಿಷವಿದೆ. ಟಯರ್ ಒಡೆದದ್ದು ತಡೆಯಲಾಗದ್ದೇ ಇರಬಹುದು, ಗುದ್ದಿದ್ದು ಅಲ್ಲ. ಆ ನಲವತ್ತು ನಿಮಿಷದಲ್ಲಿ ಮಾಡಬಹುದಾಗಿದ್ದ ಕೆಲಸಗಳನ್ನು ಎಣಿಸಿ: ಟ್ರ್ಯಾಕ್ಟರಿಗೆ ಜೊತೆಗಾರನಿದ್ದರೆ ಅವನ ಕೈಗೆ ಟಾರ್ಚ್ ಕೊಟ್ಟು ಹಿಂದೆ ನಿಲ್ಲಿಸುವುದು, ಕೆಂಪು ತ್ರಿಕೋನ ಇಡುವುದು, ಮುಂದಿನ ಟ್ರೇಲರ್ ಬಿಚ್ಚಿ ಹಿಂದಿನದನ್ನು ಮಣ್ಣಿಗೆ ಎಳೆಯಲು ನೋಡುವುದು, ಕೊನೆಗೆ ರಿಫ್ಲೆಕ್ಟರ್ ಮೇಲೆ ಬಿದ್ದಿದ್ದ ಕಬ್ಬನ್ನು ಕುಡುಗೋಲಿನಿಂದ ಸವರುವುದು. ಕೊನೆಯದಕ್ಕೆ ಎರಡು ನಿಮಿಷ ಸಾಕು. ಎರಡು ಹಿಡಿ ಸೋಗೆ ಹರಡಿದ್ದು ಮುನ್ನೆಚ್ಚರಿಕೆಯಲ್ಲವೇ ಎನ್ನುತ್ತಾರೆ. ಹಂಗಾಮಿನಲ್ಲಿ ಈ ರಸ್ತೆ ತುಂಬ ಸೋಗೆಯೇ ಬಿದ್ದಿರುತ್ತದೆ. ಅದನ್ನು ನೋಡಿ ಯಾವ ಸವಾರನೂ ಮುಂದೆ ಗಾಡಿ ನಿಂತಿದೆ ಎಂದುಕೊಳ್ಳುವುದಿಲ್ಲ.

ಎರಡು, ಟಯರ್ ಒಡೆದದ್ದಾದರೂ ನಿಜಕ್ಕೂ ತಡೆಯಲಾಗದ್ದೇ? ಒಳದೋಷ ಎನ್ನುವವನೇ ಅದನ್ನು ಸಾಬೀತು ಮಾಡಬೇಕು, ಬರೀ ‘ಒಡೆಯಿತು’ ಎಂದರೆ ಸಾಲದು. ವಾಜಬಿ ಎಚ್ಚರ ವಹಿಸಿದ್ದರೂ ಕಾಣದಂಥ ದೋಷ ಅದು ಎಂದು ಮಾಲೀಕ ತೋರಿಸಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 1977ರ ಮೀನು ಮೆಹ್ತಾ ತೀರ್ಪಿನಲ್ಲೇ ಹೇಳಿದೆ. ಹಾಗಾದರೆ ಟಯರ್ ಎಷ್ಟು ಹಳೆಯದು, ರೀಟ್ರೆಡ್ ಮಾಡಿಸಿದ್ದೇ, ಟ್ರೇಲರ್‌ಗೆ ಎಷ್ಟು ಟನ್ ಹೇರಿತ್ತು, ಕಾರ್ಖಾನೆಯ ತೂಕದ ಚೀಟಿ ಎಲ್ಲಿ? ಆ ಚೀಟಿ ಚಿನ್ನದಂಥ ಸಾಕ್ಷ್ಯ. ಅಪಘಾತವಾದ ದಿನ ಲೋಡು ಕಾರ್ಖಾನೆ ತಲುಪದೇ ಇದ್ದರೂ ಹಿಂದಿನ ದಿನಗಳ ಚೀಟಿಗಳು ಅದೇ ಟ್ರೇಲರ್‌ಗೆ ಎಷ್ಟು ಹೇರುವ ರೂಢಿ ಇತ್ತು ಎಂದು ಹೇಳುತ್ತವೆ. ಮಿತಿಮೀರಿ ಹೇರಿದ ಟ್ರೇಲರ್‌ನ ಟಯರ್ ಒಡೆಯುವುದು ಆಕಸ್ಮಿಕ ಅಲ್ಲ.

ಇಷ್ಟಾದ ಮೇಲೂ ಟಯರ್ ವಾದ ಉಳಿದರೆ, 2001ರ ಕೌಶ್ನುಮಾ ಬೇಗಂ ತೀರ್ಪು ಇದೆ. ಜೀಪಿನ ಮುಂದಿನ ಟಯರ್ ಒಡೆದು, ಅದು ಮಗುಚಿ, ರಸ್ತೆ ಬದಿ ನಡೆದು ಹೋಗುತ್ತಿದ್ದವರು ಸತ್ತಿದ್ದರು. ಚಾಲಕನ ನಿರ್ಲಕ್ಷ್ಯ ಇಲ್ಲವೆಂದು ನ್ಯಾಯಮಂಡಳಿ ಅರ್ಜಿ ತಿರಸ್ಕರಿಸಿತ್ತು, ಹೈಕೋರ್ಟೂ ಅದನ್ನೇ ಎತ್ತಿಹಿಡಿದಿತ್ತು. ಸುಪ್ರೀಂ ಕೋರ್ಟ್ ಮಾತ್ರ, ನಿರ್ಲಕ್ಷ್ಯ ಇಲ್ಲದಿದ್ದರೂ ಕಟ್ಟುನಿಟ್ಟಿನ ಹೊಣೆಯ ತತ್ವದ ಮೇಲೆ ಪರಿಹಾರ ಕೊಡಬಹುದು ಎಂದು ಕೊಡಿಸಿತು. ನನ್ನ ಅಭಿಪ್ರಾಯದಲ್ಲಿ ಇದನ್ನು ಮೊದಲ ಅಸ್ತ್ರವಾಗಿ ಹಿಡಿಯಬಾರದು. ನಲವತ್ತು ನಿಮಿಷದ ವಾದ ಕೈಯಲ್ಲಿರುವಾಗ ಅದನ್ನು ಬಿಟ್ಟು ತತ್ವಕ್ಕೆ ಹಾರಿದರೆ, ನಿರ್ಲಕ್ಷ್ಯ ತೋರಿಸಲು ನಮಗೇ ಧೈರ್ಯವಿಲ್ಲ ಎಂಬಂತೆ ಕಾಣುತ್ತದೆ.

ಈ ವಾದ ನಿಜಕ್ಕೂ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ಟಯರ್ ಒಡೆದ ಐದು ಸೆಕೆಂಡಿಗೇ, ಟ್ರೇಲರ್ ಇನ್ನೂ ನಿಲ್ಲುತ್ತಿರುವಾಗಲೇ ಬೈಕ್ ಬಂದು ಗುದ್ದಿದ್ದರೆ, ಟಯರ್ ಹೊಸದಾಗಿದ್ದರೆ, ಲೋಡು ಮಿತಿಯೊಳಗಿದ್ದರೆ, ಹಿಂದೀಪ ಉರಿಯುತ್ತಿದ್ದರೆ, ಆಗ ಮಾಲೀಕನ ಕಡೆ ನಿಜವಾದ ಬಲ ಇರುತ್ತದೆ.

ಹೆಜ್ಜೆ 3: ‘ಒಪ್ಪಿ ಕೂತ’ ಎಂದಾಗ, ಯಾರಿಗೆ ಒಪ್ಪಿದ ಎಂದು ಕೇಳಿ

ಇದು ಹಿಂಬದಿ ಸವಾರನ ಮೇಲೆ ಬರುವ ವಾದ. ಸ್ವಂತ ಇಚ್ಛೆಯಿಂದ ಅಪಾಯಕ್ಕೆ ಒಡ್ಡಿಕೊಂಡವನಿಗೆ ದೂರುವ ಹಕ್ಕಿಲ್ಲ ಎಂಬುದು ಹಳೆಯ ಸೂತ್ರ, ಲ್ಯಾಟಿನ್‌ನಲ್ಲಿ ‘ವೊಲೆಂಟಿ ನಾನ್ ಫಿಟ್ ಇಂಜೂರಿಯಾ’. ಕುಸ್ತಿ ಅಖಾಡಕ್ಕೆ ಇಳಿದವನು ಪಟ್ಟು ಬಿದ್ದು ತೋಳು ಉಳುಕಿತೆಂದು ಎದುರಾಳಿಯ ಮೇಲೆ ದಾವೆ ಹೂಡಲಾಗದು. ಜೀಪಿನ ಕೇಸಿನಲ್ಲೂ ಹೈಕೋರ್ಟ್ ಇದನ್ನು ಎರಡನೇ ಕಾರಣವಾಗಿ ಕೊಟ್ಟಿತ್ತು: ಆ ಇಬ್ಬರೂ ತಾವಾಗಿಯೇ ಹತ್ತಿಕೊಂಡವರು.

ರಸ್ತೆಯ ಮೇಲೆ ಈ ವಾದ ಬಹುತೇಕ ನಿಲ್ಲದಿರುವುದಕ್ಕೆ ಕಾರಣ, ತಿಳಿದಿರುವುದು ಬೇರೆ, ಒಪ್ಪುವುದು ಬೇರೆ. ಇಂಗ್ಲೆಂಡಿನ ಸ್ಮಿತ್ ವಿರುದ್ಧ ಬೇಕರ್ ಪ್ರಕರಣದಲ್ಲಿ ಕೆಲಸಗಾರನಿಗೆ ತಲೆಯ ಮೇಲೆ ಕ್ರೇನು ಕಲ್ಲು ಹೊತ್ತು ಹಾಯುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದು ಕೆಲಸ ಮಾಡಿದ ಮಾತ್ರಕ್ಕೆ ಕಲ್ಲು ಬೀಳಿಸಲು ಒಪ್ಪಿದಂತಲ್ಲ ಎಂದು 1891ರಲ್ಲೇ ತೀರ್ಮಾನವಾಯಿತು. ಕುಡಿದ ಚಾಲಕನ ಜೊತೆ ಗೊತ್ತಿದ್ದೂ ಕಾರಿನಲ್ಲಿ ಕೂತವಳ ವಿರುದ್ಧ ಕೂಡ 1939ರ ಡಾನ್ ವಿರುದ್ಧ ಹ್ಯಾಮಿಲ್ಟನ್ ಪ್ರಕರಣದಲ್ಲಿ ಈ ಸೂತ್ರವನ್ನು ಹಚ್ಚಲಿಲ್ಲ.

ನಮ್ಮ ಪ್ರಸಂಗದಲ್ಲಿ ಅದಕ್ಕಿಂತ ನೇರವಾದ ಉತ್ತರವಿದೆ. ಹಿಂದೆ ಕೂತವನು ಒಪ್ಪಿದ್ದರೆ ಗೆಳೆಯನ ಜೊತೆ ಹೋಗಲು ಒಪ್ಪಿದ್ದಾನು. ಕತ್ತಲಲ್ಲಿ ದೀಪವಿಲ್ಲದೆ ನಿಂತ ಟ್ರೇಲರ್‌ಗೆ ಒಪ್ಪಿದ್ದು ಯಾವಾಗ? ಅದು ಅಲ್ಲಿದೆ ಎಂದೇ ಅವನಿಗೆ ಗೊತ್ತಿರಲಿಲ್ಲ. ಒಬ್ಬನ ಅಪಾಯಕ್ಕೆ ಕೊಟ್ಟ ಒಪ್ಪಿಗೆಯನ್ನು ಮೂರನೆಯವನು ತನ್ನ ಗುರಾಣಿ ಮಾಡಿಕೊಳ್ಳಲು ಬರುವುದಿಲ್ಲ. ಜೀಪಿನ ಕೇಸಿಗೂ ಇದಕ್ಕೂ ಇರುವ ವ್ಯತ್ಯಾಸವೂ ಇದೇ: ಅಲ್ಲಿ ಹತ್ತಿದ ಜೀಪಿನವರ ಮೇಲೇ ಪರಿಹಾರ ಕೇಳಿದ್ದರು. ಈ ಒಂದು ಪ್ರಶ್ನೆ ಕೇಳಿ ಸುಮ್ಮನಿದ್ದರೆ ಸಾಕು, ಟ್ರ್ಯಾಕ್ಟರ್ ಕಡೆಯ ಒಪ್ಪಿಗೆ ವಾದ ಅಲ್ಲಿಗೇ ನಿಲ್ಲುತ್ತದೆ.

ಬೈಕ್ ಓಡಿಸಿದ ಗೆಳೆಯನ ವಿರುದ್ಧವೂ ಹಿಂಬದಿಯವನು ಪರಿಹಾರ ಕೇಳಿದರೆ ಮಾತು ಸ್ವಲ್ಪ ಬದಲಾಗುತ್ತದೆ. ಅಲ್ಲಿಯೂ ಪೂರ್ತಿ ಒಪ್ಪಿಗೆ ಎನ್ನುವುದಕ್ಕಿಂತ ‘ಕುಡಿದಿದ್ದಾನೆಂದು ಗೊತ್ತಿದ್ದೂ ಕೂತದ್ದು ನಿನ್ನ ಪಾಲಿನ ತಪ್ಪು’ ಎಂದು ಒಂದಿಷ್ಟು ಕಡಿತಕ್ಕೆ ಇಳಿಯುವುದೇ ಹೆಚ್ಚು. ಜೊತೆಗೆ ಒಂದು ವ್ಯಾವಹಾರಿಕ ತೊಡಕು: ಬೈಕಿಗೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಹಿಂಬದಿ ಸವಾರನಿಗೆ ಅದು ಅನ್ವಯಿಸುವುದಿಲ್ಲ ಎಂದು 2006ರ ತಿಲಕ್ ಸಿಂಗ್ ತೀರ್ಪು ಹೇಳುತ್ತದೆ. ಹಾಗಾಗಿ ಪಾಲಿಸಿಯ ಪ್ರತಿ ನೋಡದೆ ಬೈಕಿನ ವಿಮಾ ಕಂಪನಿಯಿಂದ ಹಣ ಬರುತ್ತದೆ ಎಂದು ಮನೆಯವರಿಗೆ ಮಾತು ಕೊಡಬೇಡಿ.

ಹೆಜ್ಜೆ 4: ಪಾಲಿನ ತಪ್ಪು, ಇಲ್ಲಿಯೇ ನಿಜವಾದ ಜಗಳ

ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ಎಂದರೆ ಗಾಯಗೊಂಡವನು ತನ್ನದೇ ರಕ್ಷಣೆಗೆ ಬೇಕಾದ ಎಚ್ಚರ ವಹಿಸದೆ, ಅದರಿಂದ ತನ್ನ ಹಾನಿಗೆ ತಾನೂ ಒಂದು ಪಾಲು ಕಾರಣನಾಗುವುದು. ಒಂದು ಕಾಲದಲ್ಲಿ ಇದು ಪೂರ್ತಿ ಬಚಾವು ಆಗಿತ್ತು. 1809ರ ಬಟರ್‌ಫೀಲ್ಡ್ ವಿರುದ್ಧ ಫಾರೆಸ್ಟರ್ ಪ್ರಕರಣದಲ್ಲಿ ಒಬ್ಬ ರಸ್ತೆಗೆ ಅಡ್ಡ ಗಳು ಇಟ್ಟಿದ್ದ. ಇನ್ನೊಬ್ಬ ಸಂಜೆ ಕುದುರೆಯನ್ನು ಜೋರಾಗಿ ಓಡಿಸಿಕೊಂಡು ಬಂದು ಅದಕ್ಕೆ ಬಡಿದು ಬಿದ್ದ. ನೋಡಿಕೊಂಡು ಬರಬಹುದಿತ್ತು ಎಂದು ಅವನಿಗೆ ಬಿಡಿಗಾಸೂ ಸಿಗಲಿಲ್ಲ. ಇಂದು ಅದು ಹಾಗಿಲ್ಲ. ಈಗ ತಪ್ಪನ್ನು ಶೇಕಡಾವಾರು ಹಂಚಿ, ಅಷ್ಟು ಮಾತ್ರ ಪರಿಹಾರದಿಂದ ಕಡಿಯುತ್ತಾರೆ. ಆದ್ದರಿಂದ ಇಲ್ಲಿ ಸೋಲು-ಗೆಲುವಿಗಿಂತ ಚೌಕಾಸಿ ಮುಖ್ಯ, ಚೌಕಾಸಿಗೆ ಲೆಕ್ಕ ಮುಖ್ಯ.

ಮೊದಲು ವೇಗದ ಲೆಕ್ಕ. ಮನುಷ್ಯನಿಗೆ ಅಡ್ಡಿ ಕಂಡು ಬ್ರೇಕ್ ಒತ್ತಲು ಸುಮಾರು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಬೈಕ್ 25 ಮೀಟರ್ ಹೋಗಿರುತ್ತದೆ. ಒಣ ಟಾರಿನ ಮೇಲೆ ಒಳ್ಳೆಯ ಬ್ರೇಕ್ ಹಿಡಿದರೆ ನಿಲ್ಲಲು ಇನ್ನೂ ಸುಮಾರು 23 ಮೀಟರ್. ಒಟ್ಟು 48. 40 ಕಿ.ಮೀ. ವೇಗದಲ್ಲಿ 17 ಮತ್ತು 10, ಒಟ್ಟು 27. ಡಿಮ್ ದೀಪದಲ್ಲಿ, ಎದುರು ಹೈಬೀಮ್ ಇರುವಾಗ, ಕಬ್ಬಿನ ಮಂಕು ರಾಶಿ 30 ಮೀಟರ್‌ನಿಂದ ಕಾಣುತ್ತದೆ ಎಂದುಕೊಂಡರೆ 40ರಲ್ಲಿ ಬಂದವನು ನಿಲ್ಲಿಸಿಕೊಳ್ಳುತ್ತಾನೆ, 60ರಲ್ಲಿ ಬಂದವನು ಗುದ್ದುತ್ತಾನೆ. ವಿಮಾ ವಕೀಲರ ವಾದಕ್ಕೆ ಇದೇ ಬೆನ್ನೆಲುಬು: ಕಣ್ಣು ಕುಕ್ಕಿದಾಗ ನಿಧಾನ ಮಾಡಬೇಕಿತ್ತು.

ಆದರೆ ಅವನು 60ರಲ್ಲೇ ಇದ್ದ ಎಂದು ತೋರಿಸುವುದು ಹೇಗೆ? ನಾಲ್ಕು ಮೀಟರ್ ಬ್ರೇಕ್ ಗುರುತಿನಿಂದ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. 60ರಲ್ಲಿ ಬಂದು 29 ಮೀಟರ್ ದೂರದಿಂದ ಟ್ರೇಲರ್ ಕಂಡಿದ್ದರೂ ಗುರುತು ನಾಲ್ಕೇ ಮೀಟರ್. 40ರಲ್ಲಿ ಬಂದು 21 ಮೀಟರ್‌ಗೆ ಕಂಡಿದ್ದರೂ ಗುರುತು ನಾಲ್ಕೇ ಮೀಟರ್. ಗುರುತು ಎರಡನ್ನೂ ಹೇಳುತ್ತದೆ, ಅಂದರೆ ಯಾವುದನ್ನೂ ಹೇಳುವುದಿಲ್ಲ. ಪಾಲಿನ ತಪ್ಪನ್ನು ಸಾಬೀತು ಮಾಡುವ ಭಾರ ಅದನ್ನು ಎತ್ತಿದವರ ಮೇಲಿದೆ. ಮಹಜರಿನಲ್ಲಿ ವಾಹನಗಳು ನಿಂತ ಜಾಗವೊಂದನ್ನೇ ಹಿಡಿದು ಪಾಲಿನ ತಪ್ಪು ಹೊರಿಸಲಾಗದು ಎಂದು 2013ರ ಜಿಜು ಕುರುವಿಳ ತೀರ್ಪು ಹೇಳಿದೆ. ರಾತ್ರಿ ರಸ್ತೆಯಲ್ಲಿ ಸೂಚನಾದೀಪವಿಲ್ಲದೆ ನಿಂತಿದ್ದ ಗ್ಯಾಸ್ ಟ್ಯಾಂಕರ್‌ಗೆ ಕಾರು ಗುದ್ದಿದ ಪ್ರಕರಣದಲ್ಲಿ, ಕಾರು ಚಾಲಕನ ಮೇಲೆ ಹೈಕೋರ್ಟ್ ಹೊರಿಸಿದ್ದ ಪಾಲನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿತು (ಅರ್ಚಿತ್ ಸೈನಿ ತೀರ್ಪು). ನಿಂತ ವಾಹನದ ಕೇಸುಗಳಲ್ಲಿ ನಾನು ಮೊದಲು ತೆರೆಯುವುದು ಅದನ್ನೇ. ವಿರುದ್ಧ ದಿಕ್ಕಿನ ತೀರ್ಪೂ ಇದೆ ಎಂಬುದನ್ನು ಮರೆಯಬಾರದು. 2018ರ ನಿಶಾನ್ ಸಿಂಗ್ ಪ್ರಕರಣದಲ್ಲಿ ಮುಂದೆ ಚಲಿಸುತ್ತಿದ್ದ ಲಾರಿಗೆ ತೀರಾ ಹತ್ತಿರ, ಹತ್ತು-ಹದಿನೈದು ಅಡಿ ಹಿಂದೆ ಬರುತ್ತಿದ್ದ ಕಾರು ಗುದ್ದಿತ್ತು. ಅಂತರ ಕಾಯ್ದುಕೊಳ್ಳದ ತಪ್ಪು ಕಾರಿನದೇ ಎಂದಾಯಿತು. ನಿಂತದ್ದಕ್ಕೂ ಚಲಿಸುತ್ತಿದ್ದುದಕ್ಕೂ ಇರುವ ವ್ಯತ್ಯಾಸವನ್ನು ಎತ್ತಿ ತೋರಿಸದಿದ್ದರೆ ಈ ತೀರ್ಪು ನಮ್ಮ ಮೇಲೆ ಬೀಳುತ್ತದೆ.

‘ಬಲಕ್ಕೆ ತಿರುಗಿಸಿದ್ದರೆ ತಪ್ಪಿಸಿಕೊಳ್ಳುತ್ತಿದ್ದ’ ಎಂಬ ಮಾತೂ ಬರುತ್ತದೆ. ಬಲಕ್ಕೆ ಬಸ್ಸಿತ್ತು. ಎದುರಾಳಿಯ ತಪ್ಪಿನಿಂದ ದಿಕ್ಕುಗಾಣದ ಸ್ಥಿತಿಗೆ ಸಿಕ್ಕಿ, ಆ ಕ್ಷಣಕ್ಕೆ ತೋಚಿದ್ದನ್ನು ಮಾಡಿದವನ ನಡೆ, ಆಮೇಲೆ ಕೂತು ಯೋಚಿಸಿದಾಗ ಉತ್ತಮವಲ್ಲ ಎಂದು ಕಂಡರೂ, ಪಾಲಿನ ತಪ್ಪಲ್ಲ ಎಂದು 2002ರ ಪ್ರಮೋದ್‌ಕುಮಾರ್ ಝವೇರಿ ತೀರ್ಪಿನಲ್ಲಿದೆ.

ಈಗ ಪಾಟೀಸವಾಲಿನ ಒಂದು ಬಲೆ. ‘ಟ್ರೇಲರ್ ಎಷ್ಟು ದೂರದಿಂದ ಕಾಣಿಸಿತು?’ ಎಂದು ಕೇಳುತ್ತಾರೆ. ನಮ್ಮ ಹುಡುಗ ಧೈರ್ಯವಾಗಿ ‘ಒಂದ್ ನೂರಡಿಯಿಂದ್ಲೇ ಕಾಣ್ತು ಸಾರ್’ ಎಂದುಬಿಡುತ್ತಾನೆ. ನೂರಡಿ ಅಂದರೆ 30 ಮೀಟರ್. ಮೇಲಿನ ಲೆಕ್ಕದ ಪ್ರಕಾರ, 30 ಮೀಟರ್‌ನಿಂದ ಕಂಡೂ ನಿಲ್ಲಿಸಲಾಗಲಿಲ್ಲ ಎಂದರೆ ವೇಗ 40 ದಾಟಿತ್ತು ಎಂದು ತಾನೇ ಒಪ್ಪಿಕೊಂಡಂತೆ. ವೃತ್ತಿಯ ಮೊದಲ ವರ್ಷಗಳಲ್ಲಿ ಇಂಥದ್ದೇ ಒಂದು ಉತ್ತರದಿಂದ ನನ್ನ ಕಕ್ಷಿದಾರನ ಪರಿಹಾರದಲ್ಲಿ ಐದರಲ್ಲೊಂದು ಪಾಲು ಹೋಯಿತು. ಉತ್ತರ ಹೇಳಿಕೊಡುವುದು ತಪ್ಪು, ಹೇಳಿಕೊಡಲೂಬಾರದು. ಆದರೆ ಅಡಿ, ಮೀಟರು, ಮಾರು ಇವುಗಳ ಅಂದಾಜು ನಿಜವಾಗಿಯೂ ಇದೆಯೇ ಎಂದು ಮೊದಲೇ ಅವನನ್ನು ಆಫೀಸಿನ ಮುಂದಿನ ರಸ್ತೆಯಲ್ಲಿ ನಿಲ್ಲಿಸಿ ಕೇಳಿಕೊಳ್ಳಬಹುದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದೇ ಸತ್ಯ.

ಬಿಯರ್, ಲೈಸೆನ್ಸ್, ಹೆಲ್ಮೆಟ್

ಈ ಮೂರಕ್ಕೂ ಒಂದೇ ಅಳತೆಗೋಲು: ನಿಯಮ ಮುರಿದನೇ ಎಂಬುದಲ್ಲ ಪ್ರಶ್ನೆ. ಮುರಿದದ್ದು ಅಪಘಾತಕ್ಕೆ ಕಾರಣವಾಯಿತೇ, ಇಲ್ಲವೇ ಪೆಟ್ಟು ಹೆಚ್ಚಲು ಕಾರಣವಾಯಿತೇ ಎಂಬುದು ಪ್ರಶ್ನೆ. ಲೈಸೆನ್ಸ್ ಇಲ್ಲದ ಮಾತ್ರಕ್ಕೆ ಪಾಲಿನ ತಪ್ಪಾಗದು ಎಂದು 2008ರ ಸುಧೀರ್ ಕುಮಾರ್ ರಾಣಾ ತೀರ್ಪು. ಬೈಕಿನಲ್ಲಿ ಮೂವರು ಕೂತಿದ್ದರೆಂಬ ಒಂದೇ ಕಾರಣಕ್ಕೆ ಶೇ. 10 ಕಡಿದದ್ದನ್ನು 2020ರ ಮೊಹಮ್ಮದ್ ಸಿದ್ದಿಕ್ ತೀರ್ಪು ಅಳಿಸಿಹಾಕಿತು.

ಬಿಯರ್ ವಿಷಯದಲ್ಲಿ, ಪೊಲೀಸ್ ಕೇಸಾಗುವ ಗಾಯಾಳುಗಳಿಗೆ ಆಸ್ಪತ್ರೆ ಬರೆಯುವ ಎಂಎಲ್‌ಸಿ ಚೀಟಿಯಲ್ಲಿ ‘ಮದ್ಯದ ವಾಸನೆ ಇದೆ’ ಎಂದು ಬರೆದಿರುತ್ತಾರೆ, ರಕ್ತ ತೆಗೆದು ನೋಡಿರುವುದಿಲ್ಲ. ಕಾನೂನಿನ ಮಿತಿ ನೂರು ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ವಾಸನೆಗೆ ಮಿಲಿಗ್ರಾಂ ಇಲ್ಲ. ಹಾಗೆಂದು ಇದನ್ನು ಹಗುರಾಗಿ ತೆಗೆದುಕೊಳ್ಳಬಾರದು. ವೇಗದ ಬಗ್ಗೆ ಅನುಮಾನವಿದ್ದಾಗ ವಾಸನೆಯ ಆ ಒಂದು ಸಾಲು ನ್ಯಾಯಾಧೀಶರ ಮನಸ್ಸನ್ನು ವಾಲಿಸುತ್ತದೆ.

ಹೆಲ್ಮೆಟ್ ವಿಷಯ ಬೇರೆ. ಹೆಲ್ಮೆಟ್ ಹಾಕಿದ್ದರೂ ಟ್ರೇಲರ್ ಅಲ್ಲೇ ಇರುತ್ತಿತ್ತು, ಬೈಕ್ ಗುದ್ದೇ ಗುದ್ದುತ್ತಿತ್ತು. ಹಾಗಾಗಿ ಅದು ಅಪಘಾತಕ್ಕೆ ಕಾರಣವಲ್ಲ, ಕೆಲವು ಗಾಯಕ್ಕೆ ಕಾರಣ. ಕಡಿತ ಮಾಡುವುದೇ ಆದರೆ ತಲೆಯ ಗಾಯದ ಬಾಬಿಗೆ ಮಾತ್ರ ಮಾಡಬೇಕು. ತೊಡೆ ಮೂಳೆಗೂ ಹೆಲ್ಮೆಟ್‌ಗೂ ಸಂಬಂಧವಿಲ್ಲ. ಸೀಟ್ ಬೆಲ್ಟ್ ಬಗ್ಗೆ ಇಂಗ್ಲೆಂಡಿನ 1976ರ ಫ್ರೂಮ್ ವಿರುದ್ಧ ಬುಚರ್ ತೀರ್ಪು, ಬೆಲ್ಟ್ ಹಾಕಿದ್ದರೆ ಗಾಯವೇ ಆಗುತ್ತಿರಲಿಲ್ಲ ಎಂದರೆ ಶೇ. 25, ಕಡಿಮೆ ಆಗುತ್ತಿತ್ತು ಎಂದರೆ ಶೇ. 15 ಎಂದು ಅಳತೆ ಕೊಟ್ಟಿತು. ನಮ್ಮಲ್ಲಿ ಹೆಲ್ಮೆಟ್‌ಗೆ ಹಾಗೆ ಕಟ್ಟುನಿಟ್ಟಿನ ದರವಿಲ್ಲ, ಆದರೆ ಯೋಚಿಸುವ ದಾರಿ ಅದೇ.

ಹೆಜ್ಜೆ 5: ರೂಪಾಯಿಯಲ್ಲಿ ಬಿಡಿಸಿ ನೋಡಿ

ಸವಾರನ ಒಟ್ಟು ಪರಿಹಾರ 8,00,000 ರೂಪಾಯಿ ಎಂದು ಲೆಕ್ಕವಾಯಿತು ಎನ್ನಿ. ಕಾಲಿನ ಬಾಬು 6,50,000, ತಲೆಯ ಬಾಬು 1,50,000. ಅಪಘಾತದಲ್ಲಿ ಅವನ ಪಾಲು ಶೇ. 25, ಹೆಲ್ಮೆಟ್‌ಗಾಗಿ ಇನ್ನೂ ಶೇ. 15 ಎಂದು ನ್ಯಾಯಮಂಡಳಿ ಒಲವು ತೋರುತ್ತಿದೆ.

ವಿಮಾ ಕಂಪನಿ ಎರಡನ್ನೂ ಕೂಡಿ ಇಡೀ ಮೊತ್ತದಿಂದ ಶೇ. 40 ಕಡಿಯಿರಿ ಎನ್ನುತ್ತದೆ. ಉಳಿಯುವುದು 4,80,000. ಸರಿಯಾದ ಲೆಕ್ಕ ಹಾಗಲ್ಲ. ಕಾಲಿನ ಬಾಬಿಗೆ ಶೇ. 25 ಮಾತ್ರ ಕಡಿದರೆ 4,87,500. ತಲೆಯ ಬಾಬಿಗೆ ಶೇ. 40 ಕಡಿದರೆ 90,000. ಒಟ್ಟು 5,77,500. ವ್ಯತ್ಯಾಸ 97,500 ರೂಪಾಯಿ, ಅದೂ ಒಂದೇ ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳಿದ್ದಕ್ಕೆ. ಇದಕ್ಕಾಗಿಯೇ ವೈದ್ಯರ ಸಾಕ್ಷ್ಯ ಮಾಡಿಸುವಾಗ ಕಾಲಿನ ಅಂಗವೈಕಲ್ಯ ಎಷ್ಟು, ತಲೆಯದ್ದು ಎಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ಆಸ್ಪತ್ರೆ ಬಿಲ್ಲುಗಳನ್ನೂ ಹಾಗೇ ವಿಂಗಡಿಸಿ ಇಡಬೇಕು. ಒಂದೇ ಕಟ್ಟಿನಲ್ಲಿ ಸಲ್ಲಿಸಿದರೆ ಬಿಡಿಸುವ ತೊಂದರೆ ಯಾರೂ ತೆಗೆದುಕೊಳ್ಳುವುದಿಲ್ಲ.

ಹಿಂಬದಿಯವನ ಲೆಕ್ಕ ಪೂರ್ತಿ ಬೇರೆ. ಅವನ ಪರಿಹಾರ 10,00,000 ಎನ್ನಿ. ಸವಾರನ ಶೇ. 25 ತಪ್ಪನ್ನು ಅವನ ತಲೆಗೆ ಕಟ್ಟುವಂತಿಲ್ಲ. ಓಡಿಸಿದವನು ಅವನಲ್ಲ. ಅವನ ಪಾಲಿಗೆ ಇದು ಇಬ್ಬರು ಸೇರಿ ಮಾಡಿದ ಸಂಯುಕ್ತ ನಿರ್ಲಕ್ಷ್ಯ. ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಹಣ ವಸೂಲು ಮಾಡಬಹುದು ಎಂದು 2015ರ ಖೆನ್ಯೇಯಿ ತೀರ್ಪು ಹೇಳುತ್ತದೆ. ಹೆಲ್ಮೆಟ್ ಇಲ್ಲದ್ದಕ್ಕೆ ಶೇ. 10 ಕಡಿದರೂ, ಉಳಿದ 9,00,000 ರೂಪಾಯಿಯನ್ನು ಟ್ರ್ಯಾಕ್ಟರಿನ ವಿಮಾ ಕಂಪನಿಯಿಂದಲೇ ಕೇಳಬಹುದು. ಸವಾರನ ಪಾಲನ್ನು ಅವನಿಂದ ಪಡೆಯುವುದು ಆ ಕಂಪನಿಯ ತಲೆನೋವು. ಇಬ್ಬರ ಅರ್ಜಿಗೂ ಒಂದೇ ಕಥೆ ಬರೆದು, ಎರಡರಲ್ಲೂ ಒಂದೇ ಶೇ. 25 ಕಡಿತಕ್ಕೆ ರಾಜಿಯಾಗಿ ಲೋಕ ಅದಾಲತ್‌ನಲ್ಲಿ ಸಹಿ ಹಾಕಿಸುವುದು ಹಿಂಬದಿಯವನಿಗೆ ಮಾಡುವ ಅನ್ಯಾಯ. ಇದು ನಡೆಯುತ್ತದೆ, ಅದಕ್ಕೇ ಹೇಳಿದೆ.

ಇದಕ್ಕೆಲ್ಲ ಬೇಕಾದ್ದು ಮೊದಲ ವಾರದಲ್ಲೇ ಸಿಗುತ್ತದೆ

ಗಾಯಾಳು ಆಸ್ಪತ್ರೆಯಲ್ಲಿರುವಾಗ ಮನೆಯವರಲ್ಲಿ ಒಬ್ಬರು ಸ್ಥಳಕ್ಕೆ ಹೋಗಲಿ. ಟ್ರೇಲರ್ ಎತ್ತುವ ಮೊದಲು ಹಿಂಭಾಗದ ಫೋಟೊ ತೆಗೆಯಲಿ, ಕಬ್ಬು ರಿಫ್ಲೆಕ್ಟರನ್ನು ಮುಚ್ಚಿರುವುದು ಕಾಣುವಂತೆ. ಫ್ಲಾಶ್ ಹಾಕಿ ಒಂದು, ಹಾಕದೆ ಒಂದು. ಫ್ಲಾಶ್ ಹಾಕಿದ ಫೋಟೊದಲ್ಲಿ ಮಂಕು ಪಟ್ಟಿಯೂ ಫಳಫಳ ಹೊಳೆಯುತ್ತದೆ, ಆ ಒಂದೇ ಫೋಟೊ ಇದ್ದರೆ ಅದು ಎದುರಾಳಿಯ ಸಾಕ್ಷ್ಯವಾಗುತ್ತದೆ. ಬಲ ಚಕ್ರ ಟಾರಿನೊಳಗೆ ಎಷ್ಟು ಬಂದಿತ್ತು ಎಂಬುದನ್ನು ಟೇಪಿನಲ್ಲಿ ಅಳೆದು, ಮಹಜರಿನಲ್ಲಿ ಬರೆಸಲಿ. ಸ್ಕೆಚ್ಚಿನಲ್ಲಿ ‘ರಸ್ತೆ ಬದಿ’ ಎಂದಷ್ಟೇ ಬರೆದರೆ ಮಣ್ಣೋ ಟಾರೋ ಎಂದು ಮುಂದೆ ಯಾರಿಗೂ ತಿಳಿಯುವುದಿಲ್ಲ. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಟ್ರ್ಯಾಕ್ಟರಿನದು ಮಾತ್ರವಲ್ಲ, ಟ್ರೇಲರ್‌ನ ದೀಪಗಳ ಸ್ಥಿತಿಯೂ ಇದೆಯೇ ನೋಡಿಕೊಳ್ಳಿ. ಟ್ರೇಲರ್‌ಗೆ ಬೇರೆ ನೋಂದಣಿ, ಬೇರೆ ವಿಮೆ ಇದೆಯೇ ಎಂಬುದನ್ನೂ ಅಂದೇ ಕೇಳಿ. ಎಫ್‌ಐಆರ್ ಸವಾರನ ಮೇಲೇ ಆಗಿದ್ದರೆ ಅದು ಕೊನೆಯ ಮಾತೇನಲ್ಲ, ಆದರೆ ಚಾರ್ಜ್‌ಶೀಟ್ ಆಗುವ ಮೊದಲೇ ಲಿಖಿತ ಹೇಳಿಕೆ ಕೊಡದಿದ್ದರೆ ಅದನ್ನು ದಾಟುವುದು ಕಷ್ಟ.

ಅರ್ಜಿಗೆ ಗಡುವಿದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತವಾದ ದಿನದಿಂದ ಆರು ತಿಂಗಳು. ಕಾಲಿಗೆ ರಾಡ್ ಹಾಕಿ, ತೆಗೆದು, ಪೂರ್ತಿ ವಾಸಿಯಾದ ಮೇಲೆ ನೋಡೋಣ ಎಂದು ಕೂತರೆ ಈ ಗಡುವು ದಾಟಿರುತ್ತದೆ. ಅಪಘಾತವಾದ ಜಾಗದಲ್ಲೇ ಹಾಕಬೇಕೆಂದಿಲ್ಲ, ಅರ್ಜಿದಾರ ವಾಸವಿರುವ ಅಥವಾ ವ್ಯವಹಾರ ನಡೆಸುವ ಕಡೆಯೂ ಹಾಕಬಹುದು. ಹುಡುಗ ಮೈಸೂರಿನಲ್ಲಿ ವಾಸವಾಗಿದ್ದರೆ ಮೈಸೂರಿನಲ್ಲೇ ಆದೀತು.

ಟ್ರ್ಯಾಕ್ಟರ್ ಮಾಲೀಕರು ಇದನ್ನು ಓದುತ್ತಿದ್ದರೆ, ನಿಮಗೂ ಒಂದು ಮಾತು. ಟಯರ್ ಹೊಸದಿತ್ತು, ಲೋಡು ಸರಿಯಿತ್ತು, ತಡೆಯಲಾಗದ ಅಪಘಾತ ಎಂಬ ವಾದ ನಿಮ್ಮದಾದರೆ ಅದನ್ನು ಹೇಳಲು ನೀವೇ ಕಟಕಟೆಗೆ ಬರಬೇಕು. ವಿಮಾ ಕಂಪನಿಯ ಅಧಿಕಾರಿಗೆ ನಿಮ್ಮ ಟಯರ್ ಬಗ್ಗೆ ಗೊತ್ತಿರುವುದು ಪಾಲಿಸಿಯಲ್ಲಿ ಬರೆದಷ್ಟೇ. ಬರುವಾಗ ಟಯರ್ ಕೊಂಡ ಬಿಲ್ಲು ತನ್ನಿ, ಕಾರ್ಖಾನೆಯ ತೂಕದ ಚೀಟಿಗಳನ್ನು ತನ್ನಿ. ಒಡೆದ ಟಯರನ್ನು ಪೊಲೀಸರು ವಶಕ್ಕೆ ತೆಗೆದುಕೊಳ್ಳದಿದ್ದರೆ ಗುಜರಿಗೆ ಹಾಕದೆ ಕೊಟ್ಟಿಗೆಯಲ್ಲೇ ಇಟ್ಟುಕೊಳ್ಳಿ. ಕೇಸು ಮುಗಿಯುವವರೆಗೆ.